ಎರಡು ವರ್ಷದಿಂದ ಹೋಗುತ್ತಿರುವ ಮೊಬೈಲ್ ರಿಪೇರಿ ಅಂಗಡಿ: ಡಿಸ್‌ಪ್ಲೇ ಬದಲಾಯಿಸಿದ್ದು, ನೀರಿಗೆ ಬಿದ್ದ ಫೋನ್ ಉಳಿದದ್ದು

ಶಿವಮೊಗ್ಗದ ಈ ಸಣ್ಣ ಅಂಗಡಿಗೆ ನಾನು ಬಂದಿದ್ದೇ ಬೇರೆ ಕಡೆ ಮೋಸ ಹೋದ ಮೇಲೆ. ನನ್ನದು ಅಮೋಲೆಡ್ ಡಿಸ್‌ಪ್ಲೇ ಇರುವ ಫೋನ್, ಬೆರಳಚ್ಚು ಸ್ಕ್ರೀನ್ ಮೇಲೇ ಕೊಡಬೇಕು. ಗ್ಲಾಸ್ ಒಡೆದಾಗ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ "ಒರಿಜಿನಲ್ ಕಾಂಬೊ" ಅಂತ 2,400 ರೂಪಾಯಿಗೆ ಹಾಕಿಕೊಟ್ಟರು. ಮನೆಗೆ ಬಂದು ನೋಡಿದರೆ ಬೆರಳಚ್ಚು ತಗೊಳ್ಳುತ್ತಲೇ ಇಲ್ಲ. ಕೇಳಿದ್ದಕ್ಕೆ, ಡಿಸ್‌ಪ್ಲೇ ಬದಲಾಯಿಸಿದರೆ ಅದು ಹೋಗುವುದೇ ಹಾಗೆ ಎಂದರು.

ಅದು ಸುಳ್ಳು ಅಂತ ತೋರಿಸಿಕೊಟ್ಟಿದ್ದು ಈಗಿನ ಅಂಗಡಿಯ ಹುಡುಗ. ಲೈಟ್ ಆರಿಸಿ, ಫೋನಿನಲ್ಲಿ ಪೂರ್ತಿ ಕಪ್ಪು ಚಿತ್ರ ಇಟ್ಟ. "ನೋಡಿ ಅಕ್ಕಾ, ಕಪ್ಪು ಬೂದಿ ಬಣ್ಣಕ್ಕೆ ಹೊಳೀತಿದೆ. ಹಿಂದೆ ಬ್ಯಾಕ್‌ಲೈಟ್ ಇದೆ, ಇದು ಎಲ್‌ಸಿಡಿ" ಎಂದ. ಅಮೋಲೆಡ್‌ನಲ್ಲಿ ಕಪ್ಪು ಇರುವ ಕಡೆ ಬೆಳಕೇ ಇರುವುದಿಲ್ಲ, ಕತ್ತಲಲ್ಲಿ ಕತ್ತಲೇ. ನನ್ನ ಫೋನಿನ ಸೆನ್ಸರ್ ಡಿಸ್‌ಪ್ಲೇ ಕೆಳಗೆ ಕೂತು, ಬೆರಳಿಗೆ ಬಡಿದು ವಾಪಸ್ ಬರುವ ಬೆಳಕನ್ನು ಓದುತ್ತದೆ. ಎಲ್‌ಸಿಡಿಯ ಬ್ಯಾಕ್‌ಲೈಟ್ ಪದರ ಆ ಬೆಳಕಿಗೆ ಅಡ್ಡ ನಿಲ್ಲುತ್ತದೆ. ಅಲ್ಲಿಗೆ ಬೆರಳಚ್ಚಿನ ಕಥೆ ಮುಗಿಯಿತು. ಕೊನೆಗೆ ಫ್ರೇಮ್ ಸಮೇತ ಕಂಪನಿ ಡಿಸ್‌ಪ್ಲೇ ಹಾಕಿಸಿದೆ, 6,800 ಆಯಿತು. ಮೊದಲು ಕೊಟ್ಟ ದುಡ್ಡು ಸುಮ್ನೆ ಹೋಯಿತು.

ಹಾಗಂತ ಇವನು ಎಲ್ಲದಕ್ಕೂ ಒರಿಜಿನಲ್ಲೇ ಬೇಕು ಅನ್ನುವವನಲ್ಲ. ಅಮ್ಮನ ಹಳೇ ಫೋನ್ ಮೊದಲಿಂದಲೂ ಎಲ್‌ಸಿಡಿಯದ್ದು. ಅದಕ್ಕೆ ಕಾಪಿ ಡಿಸ್‌ಪ್ಲೇ ಸಾಕು ಎಂದು 1,300ಕ್ಕೆ ಹಾಕಿದ. ಬಣ್ಣ ಸ್ವಲ್ಪ ನೀಲಿ ಹೊಡೆಯುತ್ತದೆ, ಅಮ್ಮನಿಗೆ ಅದರಿಂದ ತೊಂದರೆ ಏನಿಲ್ಲ. ಬ್ಯಾಟರಿಗೆ ಮಾತ್ರ ಕಾಪಿ ಹಾಕಲ್ಲ ಅಂತ ಹೇಳುತ್ತಾನೆ. ಮೇಲೆ ಎಷ್ಟು ಎಂಎಎಚ್ ಅಂತ ಬೇಕಾದರೂ ಅಚ್ಚು ಹಾಕಬಹುದು, ಒಳಗೆ ಅಷ್ಟು ಇರಬೇಕಲ್ವಾ.

ಈ ಅಂಗಡಿಯ ಮೇಲೆ ನಂಬಿಕೆ ಕೂತಿದ್ದು ಕಳೆದ ಮಳೆಗಾಲದಲ್ಲಿ. ಒಗೆಯುವ ಕಲ್ಲಿನ ಪಕ್ಕ ಇಟ್ಟಿದ್ದ ಫೋನ್ ಸೋಪಿನ ನೀರಿನ ಬಕೆಟ್‌ಗೆ ಬಿತ್ತು. ಎತ್ತಿದಾಗ ಇನ್ನೂ ಆನ್ ಇತ್ತು. ಮಗ ಚಾರ್ಜರ್ ಚುಚ್ಚಿ ನೋಡೋಣ ಎಂದು ಓಡಿಬಂದ, ಕೈ ಹಿಡಿದು ನಿಲ್ಲಿಸಿದೆ. ಮೊದಲು ಸ್ವಿಚ್ ಆಫ್ ಮಾಡಿದೆ. ಕವರ್ ತೆಗೆದು, ಸಿಮ್ ಟ್ರೇ ಎಳೆದು, ಚಾರ್ಜಿಂಗ್ ತೂತು ಕೆಳಮುಖ ಮಾಡಿ ಹತ್ತಿ ಬಟ್ಟೆಯಲ್ಲಿ ಒರೆಸಿದೆ. ಪಕ್ಕದ ಮನೆಯವರು ಅಕ್ಕಿ ಡಬ್ಬದಲ್ಲಿ ಹೂತಿಡಿ ಎಂದರು. ಇಡಲಿಲ್ಲ. ಬೋರ್ಡ್ ಮೇಲಿನ ತಗಡಿನ ಮುಚ್ಚಳದೊಳಗೆ ಸೇರಿದ ನೀರನ್ನು ಅಕ್ಕಿ ಎಳೆಯುವುದಿಲ್ಲ, ಅದರ ಹುಡಿ ಮಾತ್ರ ತೂತಿಗೆ ಸೇರುತ್ತದೆ. ಹೇರ್ ಡ್ರೈಯರ್ ಕೂಡ ಬೇಡ, ಬಿಸಿಗೆ ಒಳಗಿನ ಅಂಟು ಸಡಿಲವಾಗುತ್ತದೆ, ಗಾಳಿ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ.

ಒಂದು ಗಂಟೆಯೊಳಗೆ ಅಂಗಡಿಯಲ್ಲಿದ್ದೆ. ಹಿಂದಿನ ಮುಚ್ಚಳ ಬಿಸಿ ಮಾಡಿ ಬಿಚ್ಚಿದವನು ಎಲ್ಲಕ್ಕಿಂತ ಮೊದಲು ಬ್ಯಾಟರಿ ಕನೆಕ್ಟರ್ ಕಳಚಿದ. ಸ್ವಿಚ್ ಆಫ್ ಆದರೂ ಬೋರ್ಡ್‌ಗೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ, ನೀರು ಕರೆಂಟ್ ಎರಡೂ ಸೇರಿದರೆ ಲೋಹ ತಿಂದುಹೋಗುತ್ತದೆ ಎಂದ. ಸೋಪು, ಉಪ್ಪು ಇರುವ ನೀರಾದರೆ ಇನ್ನೂ ಬೇಗ. ಸಿಮ್ ಜಾಗದ ಒಳಗೆ, ನೀರು ತಾಗಿದರೆ ಬಣ್ಣ ಬದಲಾಗುವ ಬಿಳಿ ಸ್ಟಿಕರ್ ಆಗಲೇ ಕೆಂಪಾಗಿತ್ತು. ಮೈಕ್ರೋಸ್ಕೋಪ್ ಕೆಳಗೆ ತೋರಿಸಿದ: ಚಾರ್ಜಿಂಗ್ ಬೋರ್ಡಿನ ಪಿನ್‌ಗಳ ಬುಡದಲ್ಲಿ ತೆಳ್ಳಗೆ ಹಸಿರು ಪಾಚಿಯಂಥದ್ದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ರಾತ್ರಿಯಿಡೀ ಬಿಚ್ಚಿದ ಹಾಗೇ ಒಣಗಲು ಬಿಟ್ಟ. ಮಾರನೇ ದಿನ ಚಾರ್ಜಿಂಗ್ ಬೋರ್ಡ್ ಬೇರೆ ಹಾಕಿದ, ಅದು ಕಾಪಿಯೇ. ಒಟ್ಟು 950 ರೂಪಾಯಿ.

ಹಣ ತಗೊಳ್ಳುವ ಮೊದಲೇ, ಇದಕ್ಕೆ ಗ್ಯಾರಂಟಿ ಕೊಡಲ್ಲ, ತಿಂಗಳು ಬಿಟ್ಟೂ ಸಾಯಬಹುದು, ಇವತ್ತೇ ಫೋಟೊ ಎಲ್ಲ ಕಾಪಿ ಮಾಡ್ಕೊಳ್ಳಿ ಎಂದ. ಒಮ್ಮೆ ಬಿಚ್ಚಿದ ಮೇಲೆ ಫೋನ್ ನೀರು ಎಷ್ಟು ತಡೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದ ಐಪಿ ರೇಟಿಂಗ್ ನಂಬಬೇಡಿ ಅಂತಲೂ ಹೇಳಿದ.

ಹೊಸ ಅಂಗಡಿ ಹುಡುಕುವವರು ಮೂರು ವಿಷಯ ನೋಡಿ. ನಿಮ್ಮೆದುರಿಗೇ ಬಿಚ್ಚುತ್ತಾರಾ? ಬಿಲ್‌ನಲ್ಲಿ ಐಎಂಇಐ ನಂಬರ್ ಜೊತೆ ಹಾಕಿದ ಪಾರ್ಟ್ ಒರಿಜಿನಲ್ಲೋ ಕಾಪಿಯೋ ಅಂತ ಬರೆದುಕೊಡುತ್ತಾರಾ? ತೆಗೆದ ಹಳೇ ಪಾರ್ಟ್ ವಾಪಸ್ ಕೊಡುತ್ತಾರಾ? ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಮೂರೂ ಇರಲಿಲ್ಲ. ಒಡೆದ ಗ್ಲಾಸಿನ ಕೆಳಗೆ ಚೆನ್ನಾಗೇ ಇದ್ದ ನನ್ನ ಅಮೋಲೆಡ್ ಪ್ಯಾನೆಲ್ ಅಲ್ಲೇ ಉಳಿಯಿತು. ಅದಕ್ಕೂ ಬೆಲೆ ಇದೆ ಅಂತ ಆಗ ಗೊತ್ತಿರಲಿಲ್ಲ.

ಈ ಅಂಗಡಿಯ ತೊಂದರೆ ಅಂದರೆ ಸಮಯ. ಕಂಪನಿ ಡಿಸ್‌ಪ್ಲೇ ತರಿಸಲು ಆರು ದಿನ ಕಾಯಿಸಿದರು. ಭಾನುವಾರ ಬಾಗಿಲು ಹಾಕಿರುತ್ತದೆ, ಅವತ್ತು ನೀರಿಗೆ ಬಿದ್ದರೆ ಬೇರೆ ದಾರಿ ನೋಡಬೇಕು. ನನ್ನ ಫೋನ್ ನೀರು ಕುಡಿದು ಹನ್ನೊಂದು ತಿಂಗಳಾಯಿತು. ಸ್ಪೀಕರ್ ದನಿ ಮಾತ್ರ ಸ್ವಲ್ಪ ಕಮ್ಮಿ, ಮಿಕ್ಕಿದ್ದೆಲ್ಲ ನಡೆಯುತ್ತಿದೆ.