ಫೈವ್ ಪಾರ್ಟ್ ಸೆಲ್ ಕೌಂಟರ್, ಆರು ವರ್ಷದ ಬಳಕೆ: ಪರದೆಯ ಮೇಲೆ Left Shift? ಅಂತ ಬಂದರೆ ನಾನು ಏನು ಮಾಡುತ್ತೇನೆ

ನಮ್ಮದು ತಾಲೂಕು ಊರಿನ ಸಣ್ಣ ಲ್ಯಾಬ್. ದಿನಕ್ಕೆ ಅರವತ್ತು ಎಪ್ಪತ್ತು ಸಿಬಿಸಿ ಬರುತ್ತವೆ. ಮಳೆಗಾಲದ ಜ್ವರದ ದಿನಗಳಲ್ಲಿ ಇನ್ನೂ ಜಾಸ್ತಿ. ಬಿಳಿಕಣಗಳನ್ನು ಐದು ಬಗೆಯಾಗಿ ವಿಂಗಡಿಸಿ ಎಣಿಸುವ ಫೈವ್ ಪಾರ್ಟ್ ಸೆಲ್ ಕೌಂಟರ್ ತಂದು ಆರು ವರ್ಷ ಆಯಿತು. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಒಟ್ಟು ಬಿಳಿಕಣದ ಕೌಂಟ್ ಈ ಮೂರರಲ್ಲೂ ನನಗೆ ತೃಪ್ತಿ ಇದೆ, ಕಂಟ್ರೋಲ್ ಹಾಕಿದಾಗ ಸರಿಯಾಗಿಯೇ ಬರುತ್ತದೆ. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಬರೆಯಲು ಕೂತಿದ್ದು ಪರದೆಯ ಮೂಲೆಯಲ್ಲಿ ಬರುವ ಒಂದು ಸಣ್ಣ ಸೂಚನೆಯ ಬಗ್ಗೆ: `Left Shift?`. ಮಷಿನ್ ಕೊಳ್ಳುವಾಗ ಇದರ ಬಗ್ಗೆ ಯಾರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ.

ಲೆಫ್ಟ್ ಶಿಫ್ಟ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನ್ಯೂಟ್ರೋಫಿಲ್ ಅನ್ನುವ ಬಿಳಿಕಣ ಮೂಳೆಯ ಮಜ್ಜೆಯಲ್ಲಿ ಹಂತ ಹಂತವಾಗಿ ಬೆಳೆಯುತ್ತದೆ. ಮೈಲೋಸೈಟ್, ಮೆಟಾಮೈಲೋಸೈಟ್, ಆಮೇಲೆ ಬ್ಯಾಂಡ್, ಕೊನೆಗೆ ಎರಡು ಮೂರು ನಾಲ್ಕು ಹಾಲೆಗಳಾಗಿ ಒಡೆದ ನ್ಯೂಕ್ಲಿಯಸ್ ಇರುವ ಬಲಿತ ಕಣ. ಜರ್ಮನಿಯ ವೈದ್ಯ ಯೋಸೆಫ್ ಆರ್ನೆಟ್ 1904ರಲ್ಲಿ ಈ ಕಣಗಳನ್ನು ಹಾಲೆಗಳ ಲೆಕ್ಕದಲ್ಲಿ ಕೋಷ್ಟಕ ಮಾಡಿದರು. ಎಳೆಯವು ಎಡಗಡೆ, ಬಲಿತವು ಬಲಗಡೆ. ರಕ್ತದಲ್ಲಿ ಎಳೆಯವು ಹೆಚ್ಚಾದರೆ ಲೆಕ್ಕ ಎಡಕ್ಕೆ ವಾಲುತ್ತದೆ, ಹೆಸರು ಬಂದಿದ್ದು ಅಲ್ಲಿಂದ. ಆರೋಗ್ಯವಾಗಿರುವ ದೊಡ್ಡವರ ರಕ್ತದಲ್ಲಿ ಬ್ಯಾಂಡ್ ನೂರಕ್ಕೆ ಐದರೊಳಗೆ ಇರುತ್ತದೆ. ಬ್ಯಾಕ್ಟೀರಿಯಾ ಜೋರಾಗಿ ದಾಳಿ ಮಾಡಿದಾಗ ಬಲಿತ ಕಣಗಳು ಸೋಂಕಿನ ಜಾಗಕ್ಕೆ ಹೋಗಿ ಖರ್ಚಾಗುತ್ತವೆ. ಆಗ ಮಜ್ಜೆ ತನ್ನಲ್ಲಿದ್ದ ಎಳೆಯವನ್ನೇ ಹೊರಗೆ ಕಳಿಸುತ್ತದೆ, ಹಣ್ಣು ಮುಗಿದ ಮೇಲೆ ದೋರುಗಾಯಿಯನ್ನೇ ಕಿತ್ತು ಸಂತೆಗೆ ಹಾಕುವ ಹಾಗೆ.

ಈ ಸೂಚನೆಯ ಬೆಲೆ ನನಗೆ ಗೊತ್ತಾಗಿದ್ದು ಒಂದು ಜುಲೈ ತಿಂಗಳಲ್ಲಿ. ಸುತ್ತಮುತ್ತ ಡೆಂಗ್ಯೂ ಜೋರಾಗಿತ್ತು. ಐವತ್ತು ದಾಟಿದ ಒಬ್ಬ ಅಮ್ಮ ಬಂದರು. ಸಕ್ಕರೆ ಕಾಯಿಲೆ ಇತ್ತು. ಎರಡು ದಿನದಿಂದ ಚಳಿ ಜ್ವರ, ಸುಸ್ತು. ಚೀಟಿಯಲ್ಲಿ ಸಿಬಿಸಿ ಮತ್ತು ಡೆಂಗ್ಯೂ ಎನ್‌ಎಸ್1 ಬರೆದಿತ್ತು. ಮಷಿನ್ ಕೊಟ್ಟ ಲೆಕ್ಕ ಹೀಗಿತ್ತು: ಬಿಳಿಕಣ 6,400, ನ್ಯೂಟ್ರೋಫಿಲ್ ಶೇ 85, ಲಿಂಫೋಸೈಟ್ ಶೇ 11, ಪ್ಲೇಟ್‌ಲೆಟ್ 88,000. ಎನ್‌ಎಸ್1 ನೆಗೆಟಿವ್. ಪ್ಲೇಟ್‌ಲೆಟ್ ಕಡಿಮೆ, ಕೌಂಟ್ ನಾರ್ಮಲ್. ಆ ದಿನಗಳಲ್ಲಿ ಇಂಥ ರಿಪೋರ್ಟ್ ನೋಡಿದ ಯಾರಿಗೂ ಮೊದಲು ನೆನಪಾಗುವುದು ಡೆಂಗ್ಯೂ, ಅಲ್ವಾ? ಆದರೆ ಮೂಲೆಯಲ್ಲಿ `Left Shift?` ಇತ್ತು.

ರಕ್ತವನ್ನು ಸ್ಲೈಡಿನ ಮೇಲೆ ತೆಳುವಾಗಿ ಹರಡಿ ಸ್ಮಿಯರ್ ಮಾಡಿ, ಲೀಷ್‌ಮನ್ ಬಣ್ಣ ಹಾಕಿದೆ. ಆಯಿಲ್ ಇಮ್ಮರ್ಷನ್‌ನಲ್ಲಿ ಮೊದಲ ನೋಟಕ್ಕೇ ಎದೆ ಧಸಕ್ ಅಂತು. ನೂರು ಕಣ ಸಾಲದು ಅಂತ ಇನ್ನೂರು ಎಣಿಸಿದೆ. ಬಲಿತ ನ್ಯೂಟ್ರೋಫಿಲ್ ಶೇ 51, ಬ್ಯಾಂಡ್ ಶೇ 27, ಮೆಟಾಮೈಲೋಸೈಟ್ 5, ಮೈಲೋಸೈಟ್ 2. ಇಯೋಸಿನೋಫಿಲ್ ಒಂದೂ ಇಲ್ಲ. ಬಹುತೇಕ ನ್ಯೂಟ್ರೋಫಿಲ್‌ಗಳಲ್ಲಿ ಕಪ್ಪು ನೇರಳೆ ಬಣ್ಣದ, ಚುಕ್ಕೆಯಂಥ ಒರಟು ಕಣಗಳು ತುಂಬಿದ್ದವು, ಇದಕ್ಕೆ ಟಾಕ್ಸಿಕ್ ಗ್ರಾನ್ಯುಲೇಷನ್ ಅನ್ನುತ್ತಾರೆ. ಹಲವುದರಲ್ಲಿ ಗುಳ್ಳೆ. ಕೆಲವುದರ ಅಂಚಿನಲ್ಲಿ ತಿಳಿ ನೀಲಿ ಕಲೆ.

ಒಟ್ಟು ಕೌಂಟ್ 6,400 ಅಂದರೆ ಎಲ್ಲರ ಕಣ್ಣಿಗೂ ನಾರ್ಮಲ್. ಅದರಲ್ಲಿ ನೂರಕ್ಕೆ 34 ಎಳೆಯವು, ಅಂದರೆ ಸುಮಾರು 2,200. ಎಳೆಯವು ಇಷ್ಟು ಬಂದರೂ ಒಟ್ಟು ಕೌಂಟ್ ಏರಲೇ ಇಲ್ಲ ಅಂದರೆ, ಮಜ್ಜೆ ಕಳಿಸುತ್ತಿರುವುದಕ್ಕಿಂತ ಖರ್ಚೇ ಜಾಸ್ತಿ ಅಂತ ಅರ್ಥ. ಕೌಂಟ್ 20,000 ಇದ್ದು ಬ್ಯಾಂಡ್ 12 ಇರುವ ರೋಗಿಗಿಂತ ಈ ಚಿತ್ರ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಪ್ಲೇಟ್‌ಲೆಟ್ ಇಳಿಯುವುದು ಡೆಂಗ್ಯೂವಿನಲ್ಲಿ ಮಾತ್ರ ಅಲ್ಲ, ಸೋಂಕಿನಿಂದ ಅಂಗಾಂಗಗಳು ಕೆಡುವ ಸೆಪ್ಸಿಸ್‌ನಲ್ಲೂ ಇಳಿಯುತ್ತದೆ. ಡೆಂಗ್ಯೂವಿನಲ್ಲಿ ಸಾಮಾನ್ಯವಾಗಿ ಬಿಳಿಕಣ ಇಳಿದು, ಎರಡು ಮೂರು ದಿನ ಕಳೆದಂತೆ ದೊಡ್ಡ ನೀಲಿ ಲಿಂಫೋಸೈಟ್‌ಗಳು ಕಾಣುತ್ತವೆ. ಇಲ್ಲಿ ಅವು ಇರಲಿಲ್ಲ.

ಪ್ರಿಂಟ್ ಕೊಟ್ಟು ಸುಮ್ನೆ ಕಳಿಸಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. "ಸರ್, ಕೌಂಟ್ ನಾರ್ಮಲ್ ಇದೆ, ಆದರೆ ಬ್ಯಾಂಡ್ 27, ಟಾಕ್ಸಿಕ್ ಗ್ರಾನ್ಯುಲೇಷನ್ ಚೆನ್ನಾಗಿ ಕಾಣ್ತಿದೆ, ವ್ಯಾಕ್ಯೂಲ್ ಕೂಡ ಇದೆ" ಅಂದೆ. ಅವರು ಮತ್ತೆ ಪರೀಕ್ಷೆ ಮಾಡಿದಾಗ ಬಿಪಿ 90/60. ಬೆನ್ನಿನ ಬಲಬದಿ ಮುಟ್ಟಿದರೆ ನೋವು. ಮೂತ್ರದಲ್ಲಿ ಕೀವುಕಣ ತುಂಬಿತ್ತು. ಬ್ಲಡ್ ಕಲ್ಚರ್ ತೆಗೆದು ಆಂಟಿಬಯೋಟಿಕ್ ಶುರು ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕಲ್ಚರ್‌ನಲ್ಲಿ ಇ. ಕೋಲೈ ಬೆಳೆಯಿತು, ಕಿಡ್ನಿಯ ಸೋಂಕು ರಕ್ತಕ್ಕೆ ಹೋಗಿತ್ತು. ನಾಲ್ಕನೇ ದಿನದ ಕೌಂಟ್ 17,800, ಬ್ಯಾಂಡ್ 12. ಮನೆಯವರು ಕೌಂಟ್ ಏರಿತಲ್ಲ ಅಂತ ಗಾಬರಿಯಾಗಿದ್ದರು. ನನಗೆ ಅದು ಸಮಾಧಾನದ ಸಂಗತಿ. ಮಜ್ಜೆ ಬೇಡಿಕೆಗೆ ಸರಿಯಾಗಿ ಕಣ ಕೊಡಲು ಶುರು ಮಾಡಿತ್ತು, ಬಿಪಿಯೂ ಮೇಲೆ ಬಂದಿತ್ತು. ಅಮ್ಮ ಗುಣವಾಗಿ ಮನೆಗೆ ಬಂದರು.

ಈಗ ಮಷಿನ್‌ನ ಮಿತಿ. ನಮ್ಮ ಮಾಡೆಲ್ ಬ್ಯಾಂಡ್ ಎಣಿಸುವುದಿಲ್ಲ. ಲೇಸರ್ ಬೆಳಕು ಕಣದ ಮೇಲೆ ಬಿದ್ದು ಚದುರುವ ರೀತಿ ನೋಡಿ ಕಣಗಳನ್ನು ಗುಂಪು ಮಾಡುತ್ತದೆ. ಬ್ಯಾಂಡ್ ಮತ್ತು ಬಲಿತ ಕಣ ಒಂದೇ ಗುಂಪಿಗೆ ಬೀಳುತ್ತವೆ. ಆ ಗುಂಪಿನ ಆಕಾರ ಒಂದು ಕಡೆಗೆ ಎಳೆದಂತಾದರೆ ಸೂಚನೆ ಹಾಕುತ್ತದೆ. ಪ್ರಶ್ನಾರ್ಥಕ ಚಿಹ್ನೆ ಇರುವುದು ಅದಕ್ಕೇ. ಇನ್ನೊಂದು ಗೊಂದಲ `IG%`, ಅಂದರೆ ಎಳೆಯ ಗ್ರಾನ್ಯುಲೋಸೈಟ್‌ಗಳ ಶೇಕಡಾ ಲೆಕ್ಕ. ಆ ಅಮ್ಮನ ಪರದೆಯಲ್ಲಿ ಅದು 6 ಅಂತ ಇತ್ತು. ಎಳೆಯವು ಆರೇ ಅಂತ ಓದಿದರೆ ತಪ್ಪು. ಆ ಲೆಕ್ಕದಲ್ಲಿ ಬರುವುದು ಪ್ರೋಮೈಲೋಸೈಟ್, ಮೈಲೋಸೈಟ್, ಮೆಟಾಮೈಲೋಸೈಟ್ ಮಾತ್ರ. 27 ಬ್ಯಾಂಡ್‌ಗಳೂ ನ್ಯೂಟ್ರೋಫಿಲ್ 85ರ ಒಳಗೆ ಅಡಗಿ ಕೂತಿದ್ದವು. ಟಾಕ್ಸಿಕ್ ಕಣಗಳ ಬಗ್ಗೆಯಂತೂ ನಮ್ಮ ಮಷಿನ್ ಏನೂ ಹೇಳುವುದಿಲ್ಲ.

ಹಾಗಂತ ಕೈಯಲ್ಲಿ ಎಣಿಸಿದ್ದೇ ಸತ್ಯ ಅಂತಲೂ ಅಲ್ಲ. ಬ್ಯಾಂಡ್‌ನ ನ್ಯೂಕ್ಲಿಯಸ್ ಕೋಡುಬಳೆ ಅರ್ಧ ಬಿಚ್ಚಿದ ಹಾಗೆ ಇರುತ್ತದೆ, ಅಗಲ ಹೆಚ್ಚುಕಡಿಮೆ ಒಂದೇ ಸಮ. ಹಾಲೆಗಳ ನಡುವೆ ಬರೀ ದಾರದಂಥ ಎಳೆ ಇದ್ದರೆ ಅದು ಬಲಿತ ಕಣ. ನಡುವಿನ ಜಾಗದಲ್ಲಿ ಕ್ರೊಮ್ಯಾಟಿನ್ ಕಾಣುವಷ್ಟು ದಪ್ಪ ಇದ್ದರೆ ಬ್ಯಾಂಡ್. ನ್ಯೂಕ್ಲಿಯಸ್ ಮಡಿಚಿಕೊಂಡು ಅನುಮಾನ ಬಂದರೆ ಬಲಿತದ್ದು ಅಂತಲೇ ಬರೆಯಬೇಕು. ಇಷ್ಟೆಲ್ಲ ನಿಯಮ ಇದ್ದರೂ ಒಂದೇ ಸ್ಲೈಡಿನಲ್ಲಿ ನಾನೊಂದು ಹೇಳುತ್ತೇನೆ, ನನ್ನ ಸಹೋದ್ಯೋಗಿ ಇನ್ನೊಂದು ಹೇಳುತ್ತಾರೆ. ನೂರೇ ಕಣ ಎಣಿಸಿ ಬ್ಯಾಂಡ್ 10 ಬಂತು ಅಂದರೆ, ನಿಜವಾದ ಲೆಕ್ಕ 4ರಿಂದ 18ರವರೆಗೆ ಎಲ್ಲಿ ಬೇಕಾದರೂ ಇರಬಹುದು. 7 ಮತ್ತು 11ರ ನಡುವೆ ವ್ಯತ್ಯಾಸ ಇದೆ ಅಂತ ನಾನು ವಾದಿಸುವುದಿಲ್ಲ. 27 ಬಂದರೆ ವಾದಿಸುತ್ತೇನೆ. ಹಳೆಯ ಸೆಪ್ಸಿಸ್ ಮಾನದಂಡದಲ್ಲಿ, ಅಂದರೆ 1992ರದ್ದರಲ್ಲಿ, ಕೌಂಟ್ 12,000 ದಾಟಿದರೆ, 4,000ಕ್ಕಿಂತ ಇಳಿದರೆ, ಅಥವಾ ಬ್ಯಾಂಡ್ ಶೇ 10 ಮೀರಿದರೆ ಅಂತ ಇತ್ತು. 2016ರ ಹೊಸ ವ್ಯಾಖ್ಯೆ ಅಂಗಾಂಗಗಳು ಕೆಡುತ್ತಿವೆಯೇ ಅಂತ ನೋಡುತ್ತದೆ, ಬ್ಯಾಂಡ್ ಅದರಲ್ಲಿ ಇಲ್ಲ. ಹಾಗಾಗಿ ಬ್ಯಾಂಡ್ ನೋಡಿ ಲ್ಯಾಬಿನಲ್ಲೇ ಸೆಪ್ಸಿಸ್ ಅಂತ ತೀರ್ಮಾನಿಸುವುದು ತಪ್ಪು. ರೋಗಿಯನ್ನು ಬೇಗ ನೋಡಿ ಅಂತ ಡಾಕ್ಟರಿಗೆ ಹೇಳುವುದಕ್ಕೆ ಅದು ಸಾಕು.

ಟಾಕ್ಸಿಕ್ ಕಣಗಳ ಹೆಸರು ಕೇಳಿ ವಿಷದ ಕಣ ಅಂದುಕೊಳ್ಳಬೇಡಿ. ನ್ಯೂಟ್ರೋಫಿಲ್‌ಗೆ ಎಳೆತನದಲ್ಲಿ ಇರುವ ಪ್ರೈಮರಿ ಕಣಗಳೇ ಅವು. ಸಾಮಾನ್ಯವಾಗಿ ಬಲಿಯುವಾಗ ಬಣ್ಣ ಹೀರುವ ಗುಣ ಕಳೆದುಕೊಳ್ಳುತ್ತವೆ. ಅವಸರದಲ್ಲಿ ತಯಾರಾದ ನ್ಯೂಟ್ರೋಫಿಲ್‌ನಲ್ಲಿ ಕಳೆದುಕೊಳ್ಳುವುದಿಲ್ಲ, ಅದಕ್ಕೇ ಕಪ್ಪಗೆ ಕಾಣುತ್ತವೆ. ಅಂಚಿನ ನೀಲಿ ಕಲೆಗೆ ಡೋಲೆ ಬಾಡಿ ಅಂತ ಹೆಸರು. ಬಿಳಿ ಪಂಚೆಗೆ ನೀಲಿ ಹಾಕಿದಾಗ ಒಂದು ಕಡೆ ಸ್ವಲ್ಪ ನಿಂತುಬಿಡುತ್ತದಲ್ಲ, ಹಾಗೆ ಕಾಣುತ್ತದೆ. ಮೂರರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಗುಳ್ಳೆಗೆ, ಅಂದರೆ ವ್ಯಾಕ್ಯೂಲ್‌ಗೆ. ತಾಜಾ ರಕ್ತದಲ್ಲಿ ಅದು ಕಂಡರೆ ಬ್ಯಾಕ್ಟೀರಿಯಾ ರಕ್ತದಲ್ಲೇ ಇರಬಹುದು ಅನ್ನುವ ಅನುಮಾನ ಗಟ್ಟಿಯಾಗುತ್ತದೆ.

ಮೋಸ ಹೋಗುವ ಜಾಗಗಳೂ ಇವೆ. ಲೀಷ್‌ಮನ್ ಜಾಸ್ತಿ ಹೊತ್ತು ಬಿಟ್ಟರೆ ಅಥವಾ ಬಫರ್‌ನ ಪಿಎಚ್ 6.8ರಿಂದ ಮೇಲೆ ಹೋದರೆ ಎಲ್ಲರ ನ್ಯೂಟ್ರೋಫಿಲ್‌ನಲ್ಲೂ ಕಣ ಕಪ್ಪಾಗುತ್ತದೆ. ಅದಕ್ಕೆ ಅದೇ ಬ್ಯಾಚಿನ ಒಬ್ಬ ಆರೋಗ್ಯವಂತರ ಸ್ಲೈಡ್ ಪಕ್ಕದಲ್ಲಿಟ್ಟು ನೋಡುತ್ತೇನೆ, ಕೆಂಪುಕಣ ನೀಲಿಗೆ ತಿರುಗಿದೆಯೇ ಅಂತಲೂ ನೋಡುತ್ತೇನೆ. ಗರ್ಭಿಣಿಯರಲ್ಲಿ, ಆಪರೇಷನ್ ಆದವರಲ್ಲಿ, ಸುಟ್ಟಗಾಯದವರಲ್ಲಿ ಸೋಂಕಿಲ್ಲದೆಯೂ ಲೆಫ್ಟ್ ಶಿಫ್ಟ್ ಬರುತ್ತದೆ. ಕೀಮೋ ಆದ ಮೇಲೆ ಬಿಳಿಕಣ ಹೆಚ್ಚಿಸುವ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಟಾಕ್ಸಿಕ್ ಕಣ, ಡೋಲೆ ಬಾಡಿ ಎಲ್ಲವೂ ಕಾಣುತ್ತದೆ. ಒಮ್ಮೆ ಜ್ವರವೇ ಇಲ್ಲದ ಒಬ್ಬ ಯುವಕನ ಸ್ಲೈಡ್ ತುಂಬ ಎರಡೇ ಹಾಲೆಯ, ಕನ್ನಡಕದ ಆಕಾರದ ನ್ಯೂಕ್ಲಿಯಸ್ ಕಂಡಿತು. ಕ್ರೊಮ್ಯಾಟಿನ್ ಗಂಟುಗಂಟಾಗಿ ಬಲಿತಿತ್ತು, ಟಾಕ್ಸಿಕ್ ಕಣ ಒಂದೂ ಇಲ್ಲ. ಅವನ ತಂದೆಯ ಸ್ಲೈಡೂ ಹಾಗೇ. ಅದು ಪೆಲ್ಗರ್ ಹ್ಯುಯೆಟ್, ವಂಶದಲ್ಲಿ ಬರುವ ತೊಂದರೆ ಇಲ್ಲದ ಸ್ಥಿತಿ. ಬ್ಯಾಂಡ್ ಅಂತ ಬರೆದಿದ್ದರೆ ಸುಮ್ನೆ ಆಂಟಿಬಯೋಟಿಕ್ ಏರುತ್ತಿತ್ತು.

ಮಷಿನ್ ಬಗ್ಗೆ ನನ್ನ ದೊಡ್ಡ ದೂರು ಒಂದೇ. ಇನ್‌ಸ್ಟಾಲ್ ಮಾಡಿದವರು ಹಾಕಿಕೊಟ್ಟ ಪ್ರಿಂಟ್ ಫಾರ್ಮ್ಯಾಟ್‌ನಲ್ಲಿ ಸೂಚನೆಗಳ ಸಾಲೇ ಇರಲಿಲ್ಲ. ಪರದೆಯಲ್ಲಿ ಬರುತ್ತಿತ್ತು, ಕಾಗದದಲ್ಲಿ ಬರುತ್ತಿರಲಿಲ್ಲ. ರಾತ್ರಿ ಪಾಳಿಯವರು ಕಾಗದ ಮಾತ್ರ ನೋಡುತ್ತಿದ್ದರು. ಒಂದೂವರೆ ವರ್ಷ ಹೀಗೇ ಹೋಯಿತು ಅನ್ನುವುದು ಈಗಲೂ ನೋವಿನ ವಿಷಯ. ಮೂರು ಸಲ ಕೇಳಿದ ಮೇಲೆ ಸೆಟ್ಟಿಂಗ್ ಬದಲಿಸಿಕೊಟ್ಟರು. ನೀವು ಹೊಸದು ತರಿಸುತ್ತಿದ್ದರೆ ಡೆಮೊ ದಿನವೇ ಸೂಚನೆ ಬಂದ ಒಂದು ಸ್ಯಾಂಪಲ್ ಪ್ರಿಂಟ್ ತೆಗೆಸಿ ನೋಡಿ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಆದರೆ ಪಕ್ಕದಲ್ಲಿ ಒಳ್ಳೆಯ ಮೈಕ್ರೋಸ್ಕೋಪ್ ಇರುವ ಲ್ಯಾಬಿಗೆ ಮಾತ್ರ. ಈಗ ನಮ್ಮಲ್ಲಿ ಸೂಚನೆ ಬಂದ ಪ್ರತಿ ಸ್ಯಾಂಪಲ್‌ಗೆ ಸ್ಮಿಯರ್ ಆಗುತ್ತದೆ. ಜ್ವರ ಇದ್ದು ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಸೂಚನೆ ಬರದಿದ್ದರೂ ಆಗುತ್ತದೆ. ನೇರಳೆ ಮುಚ್ಚಳದ ಟ್ಯೂಬಿನ ಮೇಲೆ ರಕ್ತ ತೆಗೆದ ಸಮಯ ಬರೆಯುತ್ತೇವೆ. ಯಾಕೆಂದರೆ ಹೆಪ್ಪುಗಟ್ಟದಂತೆ ಆ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎಯಲ್ಲಿ ಕೆಲವು ಗಂಟೆ ಕೂತ ರಕ್ತದಲ್ಲಿ ಗುಳ್ಳೆ ತಾನಾಗಿಯೇ ಬರುತ್ತದೆ. ಹಳ್ಳಿಯ ಕಲೆಕ್ಷನ್ ಸೆಂಟರಿನಿಂದ ಬೆಳಿಗ್ಗೆ ತೆಗೆದು ಮಧ್ಯಾಹ್ನ ಬರುವ ಟ್ಯೂಬ್‌ಗಳ ಜೊತೆ, ಅಲ್ಲೇ ಮಾಡಿ ಒಣಗಿಸಿದ ಒಂದು ಸ್ಲೈಡ್ ಕೂಡ ಕಳಿಸಲು ಅಲ್ಲಿನ ಹುಡುಗಿಗೆ ಕಲಿಸಿಕೊಟ್ಟಿದ್ದೇನೆ.