ನೆಟ್‌ವರ್ಕ್ ಚೆನ್ನಾಗಿದೆ, ಆದರೆ ಪೋರ್ಟ್ ಮಾಡುವಾಗ ಸಿಮ್ ಬಂದ್ ಮಾಡಿದರು, ನಷ್ಟ ಇನ್ನೂ ಕೊಟ್ಟಿಲ್ಲ

ಈ ಕಂಪನಿಗೆ ಬಂದು ವರ್ಷ ದಾಟಿತು. ಹುಬ್ಬಳ್ಳಿ ದಾಜಿಬಾನ ಪೇಟೆಯಲ್ಲಿ ನಮ್ಮ ಹಾರ್ಡ್‌ವೇರ್ ಅಂಗಡಿ. ಹಿಂದಿನ ಗೋದಾಮಿನಲ್ಲೂ ಸಿಗ್ನಲ್ ಸಿಗುತ್ತದೆ, ಹಳೆ ಕಂಪನಿಯಲ್ಲಿ ಸಿಗುತ್ತಿರಲಿಲ್ಲ. ಮಾಲು ಬಿಡಲು ಗದಗಕ್ಕೆ ಹೋಗುವಾಗ ಅಣ್ಣಿಗೇರಿ ಹತ್ತಿರವೂ ಮಾತು ಕಟ್ ಆಗುವುದಿಲ್ಲ. ನೆಟ್‌ವರ್ಕ್ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಪೋರ್ಟಿಂಗ್‌ನಲ್ಲಿ ಆದ ಅನ್ಯಾಯದ ಬಗ್ಗೆ.

PORT ಅಂತ ಬರೆದು ನಂಬರ್ ಸೇರಿಸಿ 1900ಕ್ಕೆ ಮೆಸೇಜ್ ಕಳಿಸಿದೆ. ಎಂಟು ಅಕ್ಷರದ ಕೋಡ್ ಬಂತು. ಅದಕ್ಕೆ ನಾಲ್ಕು ದಿನ ಆಯುಷ್ಯ. ಹೊಸ ಕಂಪನಿಯ ಅಂಗಡಿಯ ಹುಡುಗ ನನ್ನ ಫೋಟೊ ತೆಗೆದು ಅರ್ಜಿ ಹಾಕುವಾಗ ಅವನ ಆ್ಯಪ್ ನಿಂತುಬಿಟ್ಟಿತು. "ಸರ್ವರ್ ಹ್ಯಾಂಗ್ ಆಗೈತ್ರಿ ಸರ್, ಇನ್ನೊಮ್ಮೆ ಮಾಡೂಣು" ಅಂದು ಎಲ್ಲ ಮೊದಲಿಂದ ಮಾಡಿದ. ಹೀಗೆ ಒಂದೇ ನಂಬರಿಗೆ ಎರಡು ಅರ್ಜಿ ಹೋಗಿದ್ದು ಆಮೇಲೆ ಗೊತ್ತಾಯಿತು.

ಹೇಳಿದ ದಿನವೇ ರಾತ್ರಿ ಹಳೆ ಸಿಮ್ ಹೋಯಿತು, ಬೆಳಗ್ಗೆ ಹೊಸದು ಬಂತು. ಫೋನ್ ಬರುತ್ತಿತ್ತು, ಹೋಗುತ್ತಿತ್ತು. ಮರುದಿನ ಮಧ್ಯಾಹ್ನ ಪರದೆ ಮೇಲೆ No Service. ಸಿಮ್ ತೆಗೆದು ತಮ್ಮನ ಫೋನಿಗೆ ಹಾಕಿದರೂ ಅದೇ ಕಥೆ. ಅವನ ನಂಬರಿನಿಂದ ನನಗೆ ಫೋನ್ ಮಾಡಿಸಿದೆ. ಸ್ವಿಚ್ ಆಫ್ ಅನ್ನಲಿಲ್ಲ, ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತು. ಇದನ್ನು ಗಮನಿಸಿ. ಸ್ವಿಚ್ ಆಫ್ ಅಂದರೆ ತೊಂದರೆ ಫೋನಿನದೋ ಸಿಗ್ನಲ್‌ದೋ ಇರಬಹುದು. ಚಾಲ್ತಿಯಲ್ಲಿಲ್ಲ ಅಂದರೆ ಕಂಪನಿಯ ಸಿಸ್ಟಂನಲ್ಲೇ ನಂಬರ್ ತೆಗೆದಿರುವ ಸಾಧ್ಯತೆ ಜಾಸ್ತಿ. ಸಿಮ್ ಒರೆಸಿ ಹಾಕಿದರೆ, ಹೊಸ ಸಿಮ್ ಕೊಂಡರೆ ಅದು ಸರಿಯಾಗುವುದಿಲ್ಲ.

ಹಳೆ ಕಂಪನಿಯವರು "ನಾವು ಬಿಟ್ಟುಕೊಟ್ಟಾಗಿದೆ" ಅಂದರು. ಹೊಸಬರ ಅಂಗಡಿಯಲ್ಲಿ "ಹಳೇ ಕಂಪನಿಯಿಂದ ಇನ್ನೂ ಪೂರಾ ಬಂದಿಲ್ರಿ, ನಾಳೆ ಬರ್ರಿ" ಅಂದರು. ಹಿಂದಿನ ದಿನವೆಲ್ಲ ಅವರದೇ ಸಿಮ್ಮಿನಲ್ಲಿ ಮಾತಾಡಿದ್ದೇನೆ, ಬಂದಿಲ್ಲ ಅಂದರೆ ಹೇಗೆ?

ಅಷ್ಟರಲ್ಲಿ ದುಡ್ಡಿನ ಪೆಟ್ಟು ಬಿತ್ತು. ನಮ್ಮ ವ್ಯಾಪಾರದ ಹಣ ಒಂದು ಬ್ಯಾಂಕಿಗೆ ಬರುತ್ತದೆ. ಸರಕು ಗಾಡಿಯ ಸಾಲದ ಕಂತು ಇನ್ನೊಂದು ಬ್ಯಾಂಕಿನಿಂದ 5ನೇ ತಾರೀಕು ತಾನಾಗಿ ಕಡಿತವಾಗುತ್ತದೆ. ಪೈಪ್ ಸಪ್ಲೈಯರ್‌ಗೆ ಕೊಟ್ಟಿದ್ದ ಚೆಕ್ ಆ ಕಂತಿನ ಖಾತೆಯಿಂದ 4ರಂದೇ ಪಾಸಾಯಿತು. ಬೇರೆ ತಿಂಗಳಾದರೆ ಹಣ ಕಡಿತವಾದ ಮೆಸೇಜ್ ಬಂದ ಕೂಡಲೇ ಆ ಕಡೆಯಿಂದ ಈ ಕಡೆಗೆ ಹಾಕಿಬಿಡುತ್ತಿದ್ದೆ. ಈ ಸಲ ಮೆಸೇಜೇ ಇಲ್ಲ. ಕಂತು ಬೌನ್ಸ್ ಆಯಿತು. ಯುಪಿಐ ಆ್ಯಪ್ ಹೊಸ ಸಿಮ್ ನೋಡಿ ಮತ್ತೆ ನೋಂದಣಿ ಕೇಳುತ್ತಿತ್ತು. ಅದಕ್ಕೆ ಈ ನಂಬರಿನಿಂದಲೇ ಒಂದು ಎಸ್ಸೆಮ್ಮೆಸ್ ಹೋಗಬೇಕು, ಹೋಗಲಿಲ್ಲ. ನೆಟ್ ಬ್ಯಾಂಕಿಂಗ್‌ಗೆ ಒಟಿಪಿ ಬರಲಿಲ್ಲ. ಬೌನ್ಸ್ ಆದ ಸುದ್ದಿಯೂ ಅದೇ ನಂಬರಿಗೆ ಹೋಗಿರಬೇಕು. ಫೈನಾನ್ಸ್‌ನವರು ಮತ್ತೊಮ್ಮೆ ಹಾಕಿದರು, ಅದೂ ಬೌನ್ಸ್. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ಎಲ್ಲ ಗೊತ್ತಾಗಿದ್ದು. ಬ್ಯಾಂಕ್ ಎರಡು ಸಲ 590 ರೂಪಾಯಿ ಹಿಡಿದಿತ್ತು, ಜಿಎಸ್‌ಟಿ ಸೇರಿ. ಫೈನಾನ್ಸ್ ಕಂಪನಿಯ ಬೌನ್ಸ್ ಶುಲ್ಕ, ದಂಡಬಡ್ಡಿ ಬೇರೆ. ಸೇರಿಸಿದರೆ 2,500ಕ್ಕೂ ಮೇಲೆ. ಇಷ್ಟು ವರ್ಷ ಒಂದು ಕಂತೂ ತಪ್ಪಿಸದವನ ಸಾಲದ ದಾಖಲೆಗೆ ಕಲೆ ಬಿತ್ತಲ್ಲ, ಅದಕ್ಕೆ ಲೆಕ್ಕ ಕಟ್ಟುವವರು ಯಾರು?

ಬಾಯಿಮಾತಿನ ದೂರಿಗೆ ಬೆಲೆ ಇರಲಿಲ್ಲ. ಕಸ್ಟಮರ್ ಕೇರ್‌ನಿಂದ ಡಾಕೆಟ್ ನಂಬರ್ ಹಠ ಹಿಡಿದು ತೆಗೆದುಕೊಂಡೆ. ಅದರ ಮೇಲೆ ಕಂಪನಿಯ ಅಪೀಲು ಅಧಿಕಾರಿಗೆ ಬರೆದೆ. ಆಮೇಲೆ ನಂಬರ್ ಜೀವ ಪಡೆಯಿತು, ಲಿಖಿತ ಉತ್ತರವೂ ಬಂತು. ಅರ್ಧಕ್ಕೆ ನಿಂತಿದ್ದ ಮೊದಲ ಅರ್ಜಿಯನ್ನು ಪರಿಶೀಲನೆಯಲ್ಲಿ ತಿರಸ್ಕರಿಸಿದಾಗ, ಎರಡನೆಯದರಲ್ಲಿ ಚಾಲೂ ಆಗಿದ್ದ ನಂಬರೂ ಬಂದ್ ಆಯಿತಂತೆ. ತಪ್ಪು ತಮ್ಮದೇ ಅಂತ ಬರೆದುಕೊಟ್ಟಿದ್ದಾರೆ. ಪರಿಹಾರ? ಒಂದು ತಿಂಗಳ ರೀಚಾರ್ಜ್. ನಾನು ಒಪ್ಪಿಲ್ಲ.

ಟ್ರಾಯ್‌ಗೆ ಬರೆಯಿರಿ ಅಂತ ಬಹಳ ಜನ ಹೇಳಿದರು. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಣೆ ಮಾಡುವುದಿಲ್ಲ. ದೂರಸಂಪರ್ಕ ಇಲಾಖೆಯ ದೂರು ವಿಭಾಗ ಬೇರೆ, ಅದರ ನಂಬರ್ 1063. ನಷ್ಟ ಕೇಳಲು ಗ್ರಾಹಕರ ಆಯೋಗಕ್ಕೂ ಹೋಗಬಹುದು. ಟೆಲಿಕಾಂ ಕಂಪನಿಗಳ ಮೇಲಿನ ದೂರನ್ನು ಆಯೋಗ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಪೋರ್ಟ್ ಮಾಡುವವರು ಕಂತಿನ ತಾರೀಕು ದಾಟಿದ ಮೇಲೆ ಮಾಡಿ. ಅದಕ್ಕೂ ಮುಂಚೆ ಬ್ಯಾಂಕಿನಲ್ಲಿ ಇಮೇಲ್ ಅಲರ್ಟ್ ಹಾಕಿಸಿಕೊಳ್ಳಿ, ವೈಫೈ ಇದ್ದರೆ ಸಿಮ್ ಇಲ್ಲದೆಯೂ ಅದು ಕಾಣುತ್ತದೆ. ಅರ್ಜಿ ಎರಡನೇ ಸಲ ಹಾಕಬೇಕು ಅಂದರೆ, ಮೊದಲನೆಯದು ರದ್ದಾಗಿದೆ ಅಂತ ಖಾತ್ರಿಯಾಗುವ ತನಕ ಫೋಟೊ ಕೊಡಬೇಡಿ.

ನೆಟ್‌ವರ್ಕಿಗೆ ನಾಲ್ಕು ಸ್ಟಾರ್, ಕಂಪನಿಯ ದೂರು ವಿಭಾಗಕ್ಕೆ ಒಂದು. ಪಾಸ್‌ಬುಕ್ ಪುಟ, ಡಾಕೆಟ್ ನಂಬರ್, ಅವರದೇ ಉತ್ತರ ಎಲ್ಲ ಜೋಡಿಸಿ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ.