ರೋಲೋ, ಆಟ್ರಿಬ್ಯೂಟೋ? ಆಸ್ಪತ್ರೆಯ ಸಾಫ್ಟ್‌ವೇರ್‌ನಲ್ಲಿ ಎರಡನ್ನೂ ನಡೆಸಿ ನೋಡಿದ ಮೇಲೆ

ನಮ್ಮದು ಸುಮಾರು 300 ಹಾಸಿಗೆಗಳ ಖಾಸಗಿ ಆಸ್ಪತ್ರೆ. ಇಲ್ಲಿನ ಮಾಹಿತಿ ವ್ಯವಸ್ಥೆಯನ್ನು ನೋಡಿಕೊಳ್ಳುವವರು ನಾನು ಮತ್ತು ನನ್ನ ಸಹೋದ್ಯೋಗಿ, ಇಬ್ಬರೇ. ಯಾವ ಸಿಬ್ಬಂದಿ ಯಾವ ರೋಗಿಯ ಕೇಸ್ ಶೀಟ್ ತೆರೆಯಬಹುದು ಎಂಬುದನ್ನು ಇಲ್ಲಿ ಆರು ವರ್ಷ ರೋಲ್ ಪದ್ಧತಿಯಲ್ಲಿ ನಿರ್ಧರಿಸುತ್ತಿದ್ದೆವು. ಆಮೇಲೆ ಆಟ್ರಿಬ್ಯೂಟ್ ಪದ್ಧತಿಯ ಮಾಡ್ಯೂಲೊಂದನ್ನು ವಾರ್ಷಿಕ ಶುಲ್ಕ ಕಟ್ಟಿ ತಂದು ನಾಲ್ಕು ತಿಂಗಳು ನಡೆಸಿದೆವು. ಈಗ ಮತ್ತೆ ರೋಲ್ ಪದ್ಧತಿಗೇ ಮರಳಿದ್ದೇವೆ. ಅದರ ಮೇಲೆ ಮೂರೇ ಮೂರು ಆಟ್ರಿಬ್ಯೂಟ್‌ಗಳನ್ನು ಉಳಿಸಿಕೊಂಡಿದ್ದೇವೆ. ನನ್ನ ಒಲವು ಯಾವ ಕಡೆಗೆ ಎಂಬುದು ಇಷ್ಟರಲ್ಲೇ ಗೊತ್ತಾಗಿರಬೇಕು.

ಹಳೆಯ ಪದ್ಧತಿಯನ್ನು ಬಿಡಲು ಹೊರಟದ್ದು ಸುಮ್ಮನೆ ಅಲ್ಲ. ರೋಲ್ ಪದ್ಧತಿಯಲ್ಲಿ ಹಕ್ಕು ಸೇರುವುದು ಹುದ್ದೆಗೆ, ಹುದ್ದೆ ಸೇರುವುದು ವ್ಯಕ್ತಿಗೆ. ‘ಸ್ಟಾಫ್ ನರ್ಸ್’ ಎಂಬ ರೋಲ್‌ಗೆ ಲ್ಯಾಬ್ ವರದಿ ನೋಡುವ ಹಕ್ಕು ಕೊಟ್ಟರೆ, ಆ ಹುದ್ದೆಯ ಎಲ್ಲರೂ ಆಸ್ಪತ್ರೆಯ ಎಲ್ಲ ರೋಗಿಗಳ ವರದಿಯನ್ನೂ ನೋಡಬಹುದು. ನಮ್ಮದೇ ಸಿಬ್ಬಂದಿಯೊಬ್ಬರು ಇಲ್ಲಿಯೇ ದಾಖಲಾದಾಗ ಅವರ ರಕ್ತ ಪರೀಕ್ಷೆಯ ವರದಿಯನ್ನು ಒಂದೇ ದಿನದಲ್ಲಿ ಹನ್ನೊಂದು ಮಂದಿ ತೆರೆದು ನೋಡಿದ್ದರು. ಅವರಲ್ಲಿ ಯಾರೂ ಆ ವಾರ್ಡಿನವರಲ್ಲ, ಆದರೂ ಎಲ್ಲರಿಗೂ ಹಕ್ಕಿತ್ತು. ಲಾಗ್‌ನಲ್ಲಿ ತಪ್ಪೆಂದು ತೋರಿಸಲು ಏನೂ ಇರಲಿಲ್ಲ. ಇದನ್ನು ತಡೆಯಲು ವಾರ್ಡಿಗೊಂದು, ಪಾಳಿಗೊಂದು ರೋಲ್ ಮಾಡುತ್ತಾ ಹೋದೆವು. 14 ಇದ್ದ ರೋಲ್‌ಗಳು 61 ಆದವು. ಒಬ್ಬ ಸಿಸ್ಟರ್‌ಗೆ ಒಂಬತ್ತು ರೋಲ್‌ಗಳಿದ್ದವು. ಅವುಗಳಲ್ಲಿ ಅವರಿಗೆ ಈಗಲೂ ಬೇಕಾದವು ಎಷ್ಟು ಎಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೂ ಹೇಳಲಾಗಲಿಲ್ಲ.

ಆಟ್ರಿಬ್ಯೂಟ್ ಪದ್ಧತಿ ಈ ಜಾಗಕ್ಕೇ ಹೇಳಿ ಮಾಡಿಸಿದಂತೆ ಕಂಡಿತು. ಅಲ್ಲಿ ಹುದ್ದೆಯೊಂದನ್ನೇ ನೋಡುವುದಿಲ್ಲ. ಸಿಬ್ಬಂದಿಯ ವಾರ್ಡ್, ರೋಗಿಯ ವಾರ್ಡ್, ಡ್ಯೂಟಿ, ವೇಳೆ ಮುಂತಾದವನ್ನೆಲ್ಲ ಕೇಳಿದ ಕ್ಷಣದಲ್ಲೇ ಹೋಲಿಸಿ ತೀರ್ಮಾನಿಸುತ್ತದೆ. 61 ರೋಲ್‌ಗಳು ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಈ ಒಂದು ನಿಯಮ ಮಾಡುತ್ತದೆ ಎಂದು ಡೆಮೊದಲ್ಲಿ ತೋರಿಸಿದರು:

```
permit if
  user.role == "nurse" and
  user.ward == patient.ward and
  user.on_duty == true
```

ಡೆಮೊದಲ್ಲಿ ಅದು ಹಾಗೆಯೇ ನಡೆಯಿತು, ಏಕೆಂದರೆ ಡೆಮೊದ ರೋಗಿ ವಾರ್ಡ್ ಬದಲಾಯಿಸಲಿಲ್ಲ.

ಎರಡನೆಯ ವಾರದಲ್ಲಿ ಒಂದು ರಾತ್ರಿ 2:40ಕ್ಕೆ ಐಸಿಯುವಿನಿಂದ ನನಗೆ ಫೋನ್ ಬಂತು. “ಸಾರ್, ಪೇಷೆಂಟ್ ನನ್ನ ಕಣ್ಣೆದುರೇ ಮಲಗಿದ್ದಾರೆ, ಕಂಪ್ಯೂಟರ್ ಮಾತ್ರ ನಿಮ್ಮ ಪೇಷೆಂಟ್ ಅಲ್ಲ ಅಂತಿದೆ” ಎಂದರು ಸಿಸ್ಟರ್. ಜನರಲ್ ವಾರ್ಡಿನಲ್ಲಿದ್ದ ರೋಗಿಗೆ ಉಸಿರಾಟದ ತೊಂದರೆ ಹೆಚ್ಚಾಗಿ, 2:10ರ ಸುಮಾರಿಗೆ ಅವರನ್ನು ಮೇಲಿನ ಮಹಡಿಯ ಐಸಿಯುವಿಗೆ ತಂದಿದ್ದರು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ನನ್ನು ಕೆಳಗೆ ಕೊನೆಯ ಸಲ ಎಷ್ಟು ಗಂಟೆಗೆ ಕೊಟ್ಟಿದ್ದಾರೆಂದು ತಿಳಿಯದೆ ಡಾಕ್ಟರು ಮುಂದಿನ ಡೋಸ್ ಬರೆಯುವಂತಿರಲಿಲ್ಲ. ಆ ವೇಳೆ ಔಷಧದ ಚಾರ್ಟಿನಲ್ಲಿತ್ತು, ಚಾರ್ಟ್ ತೆರೆಯುತ್ತಿರಲಿಲ್ಲ. ಕೊನೆಗೆ ಕೆಳಗಿನ ವಾರ್ಡಿಗೆ ಫೋನ್ ಮಾಡಿ, ಅಲ್ಲಿನ ಸಿಸ್ಟರ್ ಓದಿ ಹೇಳಿದ್ದನ್ನು ಕೈಯಲ್ಲಿ ಬರೆದುಕೊಂಡರು. ಹನ್ನೊಂದು ನಿಮಿಷ ಹೋಯಿತು.

ನಿಯಮದಲ್ಲಿ ತಪ್ಪಿರಲಿಲ್ಲ, ಅದಕ್ಕೆ ಉಣಿಸಿದ ಮಾಹಿತಿ ಹಳತಾಗಿತ್ತು. ರೋಗಿಯ ಹಾಸಿಗೆ ಬದಲಾದದ್ದನ್ನು ಸಾಫ್ಟ್‌ವೇರ್‌ನಲ್ಲಿ ಬರೆಯುವುದು ಅಡ್ಮಿಷನ್ ಕೌಂಟರಿನ ಕೆಲಸ, ರಾತ್ರಿ ಆ ಕೌಂಟರಿನಲ್ಲಿ ಇರುವವರು ಒಬ್ಬರೇ, ಮತ್ತು ಅವರಿಗೆ ಹಾಸಿಗೆ ಬದಲಾವಣೆಯೆಂದರೆ ಬಿಲ್ಲಿನ ವಿಷಯ. ಬಾಡಿಗೆ ಲೆಕ್ಕ ದಿನಕ್ಕೊಮ್ಮೆ ಆಗುವುದರಿಂದ ಅದನ್ನು ಬೆಳಿಗ್ಗೆ ಒಟ್ಟಿಗೆ ಬರೆದರೂ ಇದುವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ. ಬಿಲ್ಲಿಗಾಗಿ ಇಟ್ಟುಕೊಂಡಿದ್ದ ಒಂದು ಕಾಲಮ್ಮನ್ನು ನಾವು ರಾತ್ರೋರಾತ್ರಿ ಚಿಕಿತ್ಸೆಯ ಬಾಗಿಲಿಗೆ ಬೀಗವಾಗಿ ಹಾಕಿದ್ದೆವು.

ಡ್ಯೂಟಿಯ ಆಟ್ರಿಬ್ಯೂಟ್ ಇನ್ನೂ ಕೆಟ್ಟದಾಗಿತ್ತು. ನಮ್ಮಲ್ಲಿ ರೋಸ್ಟರ್ ತಿಂಗಳಿಗೊಮ್ಮೆ ಎಕ್ಸೆಲ್‌ನಲ್ಲಿ ತಯಾರಾಗಿ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟುತ್ತದೆ. ಆಮೇಲಿನ ಅದಲುಬದಲುಗಳೆಲ್ಲ ಪೆನ್ನಿನಲ್ಲಿ. ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಒಬ್ಬರ ಬದಲು ಇನ್ನೊಬ್ಬರು ಬರುತ್ತಾರೆ. ಗೋಡೆಯ ಹಾಳೆಗೆ ಗೊತ್ತಿರುವುದು ಸರ್ವರಿಗೆ ಗೊತ್ತಿರುವುದಿಲ್ಲ. ಅದಲುಬದಲು ಇಲ್ಲದ ದಿನವೂ ತೊಂದರೆ ತಪ್ಪಲಿಲ್ಲ. ಪಾಳಿ ಮುಗಿಯುವುದು ಮಧ್ಯಾಹ್ನ 2 ಗಂಟೆಗೆ, ಆದರೆ ಬೆಳಗಿನ ಸಿಸ್ಟರ್ ತಮ್ಮ ಟಿಪ್ಪಣಿ ಬರೆದು ಮುಗಿಸುವುದು ಎರಡೂವರೆಗೆ. 2 ಗಂಟೆ ಆದೊಡನೆ ಅರ್ಧ ಬರೆದ ಟಿಪ್ಪಣಿಯನ್ನು ಉಳಿಸಲು ಬಿಡದೆ ಪರದೆ ಮುಚ್ಚಿಕೊಳ್ಳುತ್ತಿತ್ತು. ಆಚೀಚೆ ಮುಕ್ಕಾಲು ಗಂಟೆ ಸಡಿಲ ಕೊಟ್ಟು ಅದನ್ನು ಸರಿಪಡಿಸಿದೆವು, ಆದರೆ ಗೋಡೆಯ ಹಾಳೆಗೆ ಮದ್ದಿರಲಿಲ್ಲ.

ಕಾರಣ ಹುಡುಕುವುದೂ ಸುಲಭವಿರಲಿಲ್ಲ. ನಾವು ತಂದ ಮಾಡ್ಯೂಲ್, ಇಂಥ ನಿಯಮಗಳನ್ನು ಎಕ್ಸ್‌ಎಂಎಲ್‌ನಲ್ಲಿ ಬರೆಯುವ ಎಕ್ಸ್‌ಎಸಿಎಂಎಲ್ 3.0 ಎಂಬ ಮಾದರಿಯದು, ಅದರಲ್ಲಿ ತೀರ್ಮಾನ ಮಾಡುವ ಭಾಗ `Permit`, `Deny` ಎಂಬ ಎರಡೇ ಉತ್ತರಗಳನ್ನು ಕೊಡುವುದಿಲ್ಲ, `NotApplicable`, `Indeterminate` ಎಂಬ ಇನ್ನೆರಡೂ ಇವೆ. ಬಾಗಿಲಲ್ಲಿ ನಿಂತ ಭಾಗವನ್ನು ನಾವು `Permit` ಬಂದರೆ ಮಾತ್ರ ಒಳಗೆ ಬಿಡುವಂತೆ ಇಟ್ಟಿದ್ದೆವು. ಆಸ್ಪತ್ರೆಯಲ್ಲಿ ಬೇರೆ ರೀತಿ ಇಡುವಂತೆಯೂ ಇಲ್ಲ. ಹೀಗಾಗಿ ಸಿಸ್ಟರ್‌ಗೆ ಎಲ್ಲ ನಿರಾಕರಣೆಗಳೂ ಒಂದೇ ಕೆಂಪು ಪಟ್ಟಿಯಾಗಿ ಕಾಣುತ್ತಿದ್ದವು. ವ್ಯತ್ಯಾಸ ತಿಳಿಯಲು ಲಾಗ್ ತೆಗೆದು ನೋಡಬೇಕು. `Deny` ಎಂದಿದ್ದರೆ ಮಾಹಿತಿ ಇದೆ, ಹೊಂದುತ್ತಿಲ್ಲ. ಐಸಿಯುವಿನ ಆ ರಾತ್ರಿಯದು ಇದೇ, ಏಕೆಂದರೆ ವಾರ್ಡ್ ಹೊಂದದಿದ್ದರೆ `Deny` ಎನ್ನುವ ಕೊನೆಯ ನಿಯಮವೊಂದನ್ನು ಸೇರಿಸಿದ್ದೆವು. ಅದಿಲ್ಲದಿದ್ದರೆ ಯಾವ ನಿಯಮವೂ ಅನ್ವಯಿಸದೆ `NotApplicable` ಬರುತ್ತಿತ್ತು. `Indeterminate` ಎಂದಿದ್ದರೆ ಬೇಕಾದ ಮಾಹಿತಿಯೇ ಸಿಗಲಿಲ್ಲ. ಯಾವ ವಾರ್ಡಿಗೂ ಸೇರದೆ ಕೊರತೆ ಇದ್ದಲ್ಲಿಗೆ ಹೋಗುವ ಸಿಸ್ಟರ್‌ಗಳು ನಮ್ಮಲ್ಲಿ ಹದಿನೇಳು ಮಂದಿ. ಸಿಬ್ಬಂದಿ ಪಟ್ಟಿಯಲ್ಲಿ ಅವರ ವಾರ್ಡಿನ ಜಾಗ ಖಾಲಿ. ಅವರಿಗೆ ಮೊದಲ ದಿನದಿಂದಲೂ ಏನೂ ತೆರೆದಿರಲಿಲ್ಲ, ಅದು ನಮಗೆ ತಿಳಿದದ್ದು ಐದನೆಯ ದಿನ.

ಐದು ದಿನ ಅವರು ದೂರದೆ ಹೇಗೆ ಕೆಲಸ ಮಾಡಿದರು ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು. ಲಾಗ್‌ನಲ್ಲಿ ಒಬ್ಬ ಸಿಸ್ಟರ್ ರಾತ್ರಿ 10:02ಕ್ಕೆ ಎರಡನೆಯ ಮಹಡಿಯಲ್ಲಿ, 10:05ಕ್ಕೆ ನಾಲ್ಕನೆಯ ಮಹಡಿಯಲ್ಲಿ, 10:06ಕ್ಕೆ ಮತ್ತೆ ಎರಡನೆಯದರಲ್ಲಿ ಔಷಧ ಕೊಟ್ಟಂತೆ ದಾಖಲಾಗಿತ್ತು. ತೆರೆಯುವ ಲಾಗಿನ್ ಯಾರದೋ ಅದನ್ನೇ ಎಲ್ಲರೂ ಬಳಸುತ್ತಿದ್ದರು. ಬಿಗಿ ನಿಯಮದಿಂದ ಯಾರು ಏನು ನೋಡಿದರು ಎಂಬ ದಾಖಲೆಯೇ ಸುಳ್ಳಾಯಿತು. ಹಳೆಯ ಪದ್ಧತಿಯಲ್ಲಿ ಆ ಹನ್ನೊಂದು ಮಂದಿಯ ಹೆಸರಾದರೂ ನಿಜವಾಗಿತ್ತು.

ತುರ್ತು ಬಾಗಿಲು ಇರಲಿಲ್ಲವೇ ಎಂದು ಕೇಳಬಹುದು. ಇತ್ತು: ಕಾರಣ ಬರೆದು ಒತ್ತಿದರೆ ತೆರೆಯುವ ಬಟನ್, ಎರಡೂ ಪದ್ಧತಿಗಳಲ್ಲಿ. ಆದರೆ ಆಟ್ರಿಬ್ಯೂಟ್ ಪದ್ಧತಿಯ ಮೂರನೆಯ ತಿಂಗಳಲ್ಲಿ ಅದನ್ನು ದಿನಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಲ ಒತ್ತುತ್ತಿದ್ದರು, ಮತ್ತು ಕಾರಣದ ಜಾಗದಲ್ಲಿ ಬಹುತೇಕ ಒಂದು ಚುಕ್ಕಿ ಇರುತ್ತಿತ್ತು. ಈಗ ವಾರಕ್ಕೆ ಐದಾರು ಸಲ ಬಳಕೆಯಾಗುತ್ತದೆ; ಪ್ರತಿಯೊಂದನ್ನೂ ವೈದ್ಯಕೀಯ ದಾಖಲೆ ವಿಭಾಗದವರು ಸೋಮವಾರ ಓದುತ್ತಾರೆ.

ಉಳಿದ ಹೋಲಿಕೆಗಳು ಚಿಕ್ಕವು. ವೇಗದಲ್ಲಿ ಒಂದು ಕೇಸ್ ಶೀಟಿಗೆ ವ್ಯತ್ಯಾಸವೇ ತಿಳಿಯದು. ಆದರೆ ‘ನನ್ನ ರೋಗಿಗಳು’ ಎಂಬ ಪಟ್ಟಿ ತೆರೆಯುವಾಗ ಮಾಡ್ಯೂಲ್ ಪ್ರತಿ ಹೆಸರಿಗೂ ಬೇರೆ ಬೇರೆ ತೀರ್ಮಾನ ಮಾಡುತ್ತಿದ್ದುದರಿಂದ ಪಟ್ಟಿ ನಿಧಾನವಾಗಿತ್ತು. ಹೊಸ ಸಿಬ್ಬಂದಿ ಸೇರಿದಾಗ ರೋಲ್ ಪದ್ಧತಿಯೇ ಸಲೀಸು. ಈ ರೋಗಿಯ ದಾಖಲೆಯನ್ನು ಯಾರು ಯಾರು ನೋಡಬಹುದು ಎಂದು ಮ್ಯಾನೇಜ್‌ಮೆಂಟ್ ಕೇಳಿದರೆ ರೋಲ್ ಪದ್ಧತಿಯಲ್ಲಿ ಎರಡು ಟೇಬಲ್ ಸೇರಿಸಿದ ಒಂದು ಎಸ್‌ಕ್ಯುಎಲ್‌ನಿಂದ ಉತ್ತರ ಬರುತ್ತದೆ. ಆಟ್ರಿಬ್ಯೂಟ್ ಪದ್ಧತಿಯಲ್ಲಿ ‘ಯಾವಾಗ?’ ಎಂದು ಮರಳಿ ಕೇಳಬೇಕು.

ಆಟ್ರಿಬ್ಯೂಟ್ ಪದ್ಧತಿ ಖಂಡಿತ ಗೆದ್ದ ಒಂದು ಜಾಗವಿದೆ. ಸರ್ಕಾರಿ ಯೋಜನೆಯಡಿ ಬರುವ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರರು ನಮ್ಮ ಸಿಬ್ಬಂದಿಯಲ್ಲ. ಅವರಿಗೆ ಆ ಯೋಜನೆಯ ರೋಗಿಗಳ ಕಾಗದಪತ್ರ ಮಾತ್ರ ಕಾಣಬೇಕು. ಇದನ್ನು ರೋಲ್ ಒಂದರಿಂದಲೇ ಹೇಳಲು ಬರುವುದಿಲ್ಲ. ಬಿಲ್ ಕಟ್ಟುವವರು ಯಾರು ಎಂಬ ಆಟ್ರಿಬ್ಯೂಟ್ ದಾಖಲಾಗುವಾಗಲೇ ನಮೂದಾಗುತ್ತದೆ, ಅದರಲ್ಲಿ ತಪ್ಪಿದರೆ ಹಣ ಬರುವುದಿಲ್ಲ. ಆದ್ದರಿಂದ ಅದು ಯಾವಾಗಲೂ ಸರಿಯಾಗಿರುತ್ತದೆ. ಅದನ್ನು ಉಳಿಸಿಕೊಂಡೆವು.

ಉಳಿಸಿಕೊಂಡ ಎರಡನೆಯದು ಸೂಕ್ಷ್ಮ ದಾಖಲೆಯ ಗುರುತು: ಮನೋರೋಗ ವಿಭಾಗದ ಟಿಪ್ಪಣಿ, ಎಚ್‌ಐವಿ ಪರೀಕ್ಷೆ, ನಮ್ಮ ಸಿಬ್ಬಂದಿಯೇ ರೋಗಿಯಾದಾಗಿನ ಎಲ್ಲವೂ. ಮೊದಲೆರಡನ್ನು ಗೋಪ್ಯವಾಗಿಡಲು 2017ರ ಎರಡು ಕಾಯಿದೆಗಳೇ ಹೇಳುತ್ತವೆ. ಮೂರನೆಯದು ನಮ್ಮ ಪಾಠ. ಮೂರನೆಯ ಆಟ್ರಿಬ್ಯೂಟ್ ರೋಗಿಗೂ ವಾರ್ಡಿಗೂ ಇರುವ ಸಂಬಂಧ, ಆದರೆ ಇದನ್ನು ಹಾಸಿಗೆ ಕಾಲಮ್ಮಿನಿಂದ ತೆಗೆಯುವುದನ್ನು ಬಿಟ್ಟೆವು. ಡಾಕ್ಟರು ವರ್ಗಾವಣೆಯ ಆದೇಶ ಬರೆದ ಕ್ಷಣದಿಂದ 24 ಗಂಟೆ ಹಳೆಯ ವಾರ್ಡಿಗೂ ಹೊಸ ವಾರ್ಡಿಗೂ ಎರಡಕ್ಕೂ ಚಾರ್ಟ್ ತೆರೆದಿರುತ್ತದೆ. ಆದೇಶ ಬರೆಯದೆ ರೋಗಿಯನ್ನು ಐಸಿಯುವಿಗೆ ತರುವಂತಿಲ್ಲ, ಹಾಗಾಗಿ ಅದು ತಡವಾಗುವುದು ಅಪರೂಪ. ಡ್ಯೂಟಿಯನ್ನು ನೋಡುವುದನ್ನೇ ಕೈಬಿಟ್ಟೆವು. ರೋಲ್‌ಗಳು 17ಕ್ಕೆ ಇಳಿದಿವೆ. ಡ್ಯೂಟಿ ಇಲ್ಲದ ದಿನವೂ ತಮ್ಮ ವಾರ್ಡಿನ ರೋಗಿಯ ಚಾರ್ಟನ್ನು ಒಬ್ಬ ಸಿಸ್ಟರ್ ನೋಡಬಹುದು ಎಂಬ ಲೋಪ ಇದರಲ್ಲಿದೆ, ಅದನ್ನು ಒಪ್ಪಿಯೇ ನಡೆಸುತ್ತಿದ್ದೇವೆ.

ನನ್ನ ತೀರ್ಪಿನಲ್ಲಿ ನಮ್ಮ ಜೇಬಿನ ಪಾಲೂ ಇದೆ. ಇಬ್ಬರೇ ಇರುವಲ್ಲಿ ನಿಯಮ ಬರೆಯಲು ಪ್ರತ್ಯೇಕ ವ್ಯಕ್ತಿಯಿಲ್ಲ, ನನಗೆ ಎಸ್‌ಕ್ಯುಎಲ್ ಕೈಗೆ ಹತ್ತಿದಷ್ಟು ಎಕ್ಸ್‌ಎಂಎಲ್ ಹತ್ತುವುದಿಲ್ಲ, ಮತ್ತು ಮಾಡ್ಯೂಲಿನ ಮುಂದಿನ ವರ್ಷದ ಶುಲ್ಕದಲ್ಲಿ ವಾರ್ಡುಗಳಿಗೆ ನಾಲ್ಕು ಕಂಪ್ಯೂಟರ್ ಬಂದವು. ಹಲವು ಶಾಖೆಗಳಿರುವ, ರೋಸ್ಟರ್ ನಿಜಕ್ಕೂ ಸಾಫ್ಟ್‌ವೇರ್‌ನಲ್ಲೇ ನಡೆಯುವ ದೊಡ್ಡ ಆಸ್ಪತ್ರೆಗೆ ಲೆಕ್ಕ ಬೇರೆ ಇರಬಹುದು. ಅದನ್ನು ಕೊಳ್ಳುವ ಮುನ್ನವೇ ತಿಳಿಯಲು ದಾರಿಯಿದೆ. ಕಳೆದ ತಿಂಗಳ ಐಸಿಯು ವರ್ಗಾವಣೆಗಳಲ್ಲಿ ಐವತ್ತನ್ನು ತೆಗೆದುಕೊಂಡು, ನರ್ಸಿಂಗ್ ಟಿಪ್ಪಣಿಯಲ್ಲಿ ರೋಗಿ ಬಂದ ವೇಳೆಯನ್ನೂ ಸಾಫ್ಟ್‌ವೇರ್‌ನಲ್ಲಿ ಹಾಸಿಗೆ ಬದಲಾದ ವೇಳೆಯನ್ನೂ ಪಕ್ಕಪಕ್ಕ ಬರೆದು, ನಡುವಿನ ಅಂತರ ನೋಡಿ. ನಾವು ಇದನ್ನು ಮಾಡಿದ್ದು ಮಾಡ್ಯೂಲ್ ತೆಗೆದ ಮೇಲೆ. ಐವತ್ತರಲ್ಲಿ ಮೂವತ್ತೊಂದು ಸಲ ಅಂತರ ಎರಡು ಗಂಟೆ ಮೀರಿತ್ತು.